"ಸ್ವಲ್ಪ ಖರ್ಚಾಗುತ್ತೆ ಯಜಮಾನ್ರೇ"

ಅಪ್ಪ ತೀರಿಕೊಂಡ ವರ್ಷ ಎರಡು ಎಕರೆ ಹೊಲದ ಪೌತಿ ಖಾತೆ ಮಾಡಿಸಲು ನಾನೂ ದೊಡ್ಡಪ್ಪನೂ ಕಚೇರಿಗೆ ಅಲೆದೆವು. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ಎಲ್ಲರ ಆಧಾರ್ ಪ್ರತಿ, ಕೇಳಿದ್ದೆಲ್ಲ ಕೊಟ್ಟಾಗಿತ್ತು. ಮೂರನೇ ಸಲ ಹೋದಾಗ ಗುಮಾಸ್ತರು ಕಾಗದಗಳನ್ನು ಒಂದೊಂದಾಗಿ ತಿರುವಿ, ಮುಖ ಎತ್ತದೆ ಹೇಳಿದರು:

"ಎಲ್ಲಾ ಸರಿಯಾಗೇ ಇದೆ. ಆದ್ರೆ ಸ್ವಲ್ಪ ಖರ್ಚಾಗುತ್ತೆ ಯಜಮಾನ್ರೇ."

"ಎಷ್ಟಾಯ್ತದೆ ಸಾಮಿ?" ದೊಡ್ಡಪ್ಪ ಕೇಳಿದರು.

"ನನಗೇನೂ ಬೇಡ. ಮೇಲಿನೋರನ್ನೂ ನೋಡ್ಕೋಬೇಕಲ್ಲ." ಮಾತು ಅಲ್ಲಿಗೆ ನಿಂತಿತು. ಮೇಜಿನ ಮೇಲೆ ಎರಡು ಬೆರಳು ಒಮ್ಮೆ ಎದ್ದು ಇಳಿದವು.

ಎರಡು ಎಂದರೆ ಇನ್ನೂರಲ್ಲ, ಎರಡು ಸಾವಿರ ಎಂಬುದು ದೊಡ್ಡಪ್ಪನಿಗೆ ಯಾರೂ ಹೇಳದೆ ತಿಳಿಯಿತು. ಹೊರಗೆ ಬಂದು ಅಂಗಿಯ ಒಳಜೇಬಿನಿಂದ ನೋಟು ಎಣಿಸಿಕೊಂಡು ಮತ್ತೆ ಒಳಗೆ ಹೋದರು. ಅಷ್ಟು ಹೊತ್ತಿನ ಮಾತುಕತೆಯಲ್ಲಿ 'ಲಂಚ' ಎಂಬ ಪದ ಒಂದು ಸಲವೂ ಬರಲಿಲ್ಲ. 'ಕೊಡಿ' ಎಂದೂ ಯಾರೂ ಅನ್ನಲಿಲ್ಲ. ಆದರೂ ಕೇಳುವುದು ಕೇಳಿಯಾಗಿತ್ತು, ಕೊಡುವುದು ಕೊಟ್ಟಾಗಿತ್ತು.

ಆ ದಿನದಿಂದ ನಾನು ಈ ಮಾತುಗಳಿಗೆ ಕಿವಿಗೊಡುತ್ತಾ ಬಂದಿದ್ದೇನೆ. ಕಚೇರಿಯ ಜಗಲಿ, ಪತ್ರ ಬರಹಗಾರರ ಮೇಜು, ಮಂಡಿಯ ಕಟ್ಟೆ, ಸಂತೆ, ಎಲ್ಲೆಡೆಯೂ ಇದಕ್ಕೆಂದೇ ಒಂದು ಪದಕೋಶವಿದೆ. ಅದರಲ್ಲಿರುವ ಒಂದೊಂದು ಪದಕ್ಕೂ ಒಂದೊಂದು ಕೆಲಸವಿದೆ.

'ಮಾಡು' ಮತ್ತು 'ಆಗು'

ಗುಮಾಸ್ತರ ವಾಕ್ಯವನ್ನೇ ಮತ್ತೊಮ್ಮೆ ನೋಡಿ. 'ಖರ್ಚಾಗುತ್ತೆ.' ಕನ್ನಡದಲ್ಲಿ 'ಮಾಡು' ಎಂದರೆ ಮಾಡುವವನೊಬ್ಬ ಬೇಕು. 'ಆಗು' ಎಂದರೆ ಯಾರೂ ಬೇಕಿಲ್ಲ. ಮಳೆಯಾಗುತ್ತದೆ, ಬೆಳಗಾಗುತ್ತದೆ, ಖರ್ಚಾಗುತ್ತದೆ. 'ಎರಡು ಸಾವಿರ ಲಂಚ ಕೊಡಿ' ಎಂದರೆ ಆ ಮಾತಿನೊಳಗೆ ಕೇಳುವವನು ನಿಂತಿರುತ್ತಾನೆ. 'ಖರ್ಚಾಗುತ್ತೆ' ಎಂದರೆ ಅವನು ಅಲ್ಲಿಂದ ಮಾಯವಾಗುತ್ತಾನೆ, ಖರ್ಚು ತಾನಾಗಿಯೇ ಆಗುವ ಸಂಗತಿಯಾಗುತ್ತದೆ. 'ಫೈಲು ಮುಂದಕ್ಕೆ ಹೋಗಬೇಕಲ್ಲ', 'ಕೆಲಸ ಆಗಬೇಕು ತಾನೆ', 'ಸ್ವಲ್ಪ ತೂಕ ಇಟ್ಟರೆ ಒಳ್ಳೇದು' ಎಲ್ಲವೂ ಇದೇ ಜಾತಿಯ ಮಾತುಗಳು. ಕೊನೆಯದರಲ್ಲಿ ತೂಕ ಎಂದರೆ ದುಡ್ಡು. ತೂಕವಿಲ್ಲದ ಕಾಗದ ಗಾಳಿಗೆ ಹಾರಿಹೋಗುತ್ತದೆ ಎಂಬ ಬೆದರಿಕೆಯನ್ನು ಅದು ಉಪಮೆಯೊಳಗೆ ಅಡಗಿಸಿಟ್ಟಿದೆ.

ಎರಡನೆಯ ಉಪಾಯ 'ಮೇಲಿನವರು'. ಎದುರಿಗೆ ಕೂತವನು ತಾನು ತೆಗೆದುಕೊಳ್ಳುವವನಲ್ಲ, ದಾಟಿಸುವವನು ಎನ್ನುತ್ತಾನೆ. ಮೇಲಿನವರು ಯಾರು, ಅವರಿಗೆ ನಿಜಕ್ಕೂ ಪಾಲು ಹೋಗುತ್ತದೆಯೇ ಎಂಬುದು ಕೊಡುವವನಿಗೆ ಎಂದೂ ತಿಳಿಯುವುದಿಲ್ಲ. ಚೌಕಾಸಿ ಮಾಡಲು ಅವರು ಎದುರಿಗೂ ಇರುವುದಿಲ್ಲ. ಹಾಗಾಗಿ ಮೊತ್ತ ಇಳಿಯುವುದಿಲ್ಲ.

ಮೂರನೆಯದು ಮಧ್ಯವರ್ತಿ. ನೋಂದಣಿಗೆ ಹೋದವರಿಗೆ ಪತ್ರ ಬರಹಗಾರರ ಲೆಕ್ಕದ ಚೀಟಿ ನೆನಪಿರಬಹುದು: ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ, ಬರವಣಿಗೆ ಕೂಲಿ, ಇವುಗಳ ಕೆಳಗೆ 'ಆಫೀಸ್ ಖರ್ಚು'. ಮೊದಲಿನ ಎರಡಕ್ಕೆ ಸರ್ಕಾರದ ರಸೀದಿಯಿದೆ. ಮೂರನೆಯದು ದುಡಿದದ್ದಕ್ಕೆ ಪಡೆಯುವ ಕೂಲಿ. ನಾಲ್ಕನೆಯದಕ್ಕೆ ಯಾವ ಕಾಗದವೂ ಇಲ್ಲ. ಆದರೆ ಸಾಲಾಗಿ ಬರೆದಿಟ್ಟಾಗ ಅದೂ ಉಳಿದ ಮೂರರಂತೆಯೇ ಕಾಣುತ್ತದೆ, ನಾವು ಒಟ್ಟು ಮೊತ್ತ ನೋಡಿ ದುಡ್ಡು ಎಣಿಸುತ್ತೇವೆ.

ಗಿಂಬಳ, ಮಾಮೂಲು, ಖುಷಿ

ಕನ್ನಡದ್ದೇ ಆದ ಒಂದು ಪದ ಇಲ್ಲಿದೆ: ಗಿಂಬಳ. ನಾವು ಊಟ-ಗೀಟ, ಕಾಫಿ-ಗೀಫಿ, ಪುಸ್ತಕ-ಗಿಸ್ತಕ ಎನ್ನುತ್ತೇವೆ. ಈ ಜೋಡಿಗಳ ಎರಡನೆಯ ಪದಕ್ಕೆ ಸ್ವಂತ ಅರ್ಥವಿಲ್ಲ. ಅಂಗಡಿಗೆ ಹೋಗಿ 'ಒಂದು ಗಿಸ್ತಕ ಕೊಡಿ' ಎಂದು ಕೇಳಲಾಗದು. ಸಂಬಳ-ಗಿಂಬಳ ಎಂಬ ಜೋಡಿಯೂ ಹೀಗೆಯೇ ಹುಟ್ಟಿದ್ದು. ಆದರೆ ಇಲ್ಲಿ ಗಿಂಬಳ ತನ್ನ ಜೊತೆಗಾರನಿಂದ ಬಿಡಿಸಿಕೊಂಡು, ಬೇರೆ ಅರ್ಥ ಪಡೆದು, ಸ್ವತಂತ್ರ ಪದವಾಗಿ ನಿಂತುಬಿಟ್ಟಿತು. ಸಂಬಳದ ಬೆನ್ನಿಗೇ ಬರುವ, ಲೆಕ್ಕಕ್ಕೆ ಸಿಗದ ಇನ್ನೊಂದು ಆದಾಯವನ್ನು ಹೆಸರಿಸಬೇಕಾದ ಅಗತ್ಯ ಜನರಿಗೆ ಅಷ್ಟು ಸಲ ಬಿತ್ತು. ಹೆಣ್ಣು ಕೊಡುವ ಮಾತುಕತೆಯಲ್ಲಿ 'ಸಂಬಳ ಕಮ್ಮಿ, ಗಿಂಬಳ ಚೆನ್ನಾಗಿದೆ' ಎಂಬ ಮಾತನ್ನು ನಾನೇ ಕೇಳಿದ್ದೇನೆ. ಹೇಳಿದವರ ದನಿಯಲ್ಲಿ ಸಂಕೋಚವಿರಲಿಲ್ಲ. ಅದು ವರನ ಯೋಗ್ಯತೆಗಳಲ್ಲಿ ಒಂದಾಗಿತ್ತು.

'ಮಾಮೂಲು' ದೂರದಿಂದ ಬಂದ ಪದ. ಮೂಲ ಅರಬ್ಬಿ, ಪಾರಸಿ-ಹಿಂದೂಸ್ತಾನಿಯ ಆಡಳಿತ ಭಾಷೆಯ ಮೂಲಕ ನಮ್ಮಲ್ಲಿಗೆ ಬಂತು. ಅರ್ಥ ರೂಢಿ, ವಾಡಿಕೆ. ಹೋಟೆಲಿನಲ್ಲಿ 'ಮಾಮೂಲಿ ಕಾಫಿ' ಎಂದರೆ ದಿನವೂ ಕುಡಿಯುವ ಕಾಫಿ. ಫುಟ್‌ಪಾತಿನ ವ್ಯಾಪಾರಿ 'ಮಾಮೂಲು ಕೊಟ್ಟಾಯ್ತು' ಎಂದರೆ ಅದು ಬೇರೆಯೇ. ಆದರೆ ಎರಡರಲ್ಲೂ ಅಡಿಪಾಯ ಒಂದೇ: ಇದು ಎಂದಿನದು, ಪ್ರಶ್ನಿಸುವಂಥದ್ದಲ್ಲ.

ಆಡುಮಾತಿನಲ್ಲಿ ಈ ಪದಗಳನ್ನು ಜನ ಕಲಸಿ ಬಳಸುವುದಿಲ್ಲ, ಒಳಗಿನವರಿಗೆ ಅವುಗಳ ವ್ಯತ್ಯಾಸ ಚೆನ್ನಾಗಿ ಗೊತ್ತು. 'ಖರ್ಚು' ಒಂದು ಫೈಲಿಗೆ ಸಂಬಂಧಿಸಿದ್ದು, ಕೆಲಸಕ್ಕೆ ಮುಂಚೆ ಕೊಡುವಂಥದ್ದು. 'ಮಾಮೂಲು' ವಾರಕ್ಕೋ ತಿಂಗಳಿಗೋ ತಪ್ಪದೆ ಸಲ್ಲುವಂಥದ್ದು, ಹೆಚ್ಚಾಗಿ ಏನನ್ನೋ ನೋಡಿಯೂ ನೋಡದಂತಿರುವುದಕ್ಕೆ. 'ಖುಷಿಗೆ ಕೊಡಿ' ಎನ್ನುವುದು ಕೆಲಸವಾದ ಮೇಲೆ. ಹಳಬರು ಅದನ್ನೇ ಬಕ್ಷೀಸು, ಇನಾಮು ಎನ್ನುತ್ತಿದ್ದರು. 'ಪರ್ಸೆಂಟೇಜ್' ಗುತ್ತಿಗೆಯ ಬಿಲ್ಲಿನಲ್ಲಿ ಕಡಿದುಕೊಳ್ಳುವ ಪಾಲು. 2021ರಲ್ಲಿ ರಾಜ್ಯದ ಗುತ್ತಿಗೆದಾರರ ಸಂಘ ಪ್ರಧಾನಿಗೆ ಪತ್ರ ಬರೆದು ಕಮಿಷನ್ ಆರೋಪ ಮಾಡಿದ ಮೇಲೆ, ಗುತ್ತಿಗೆದಾರರ ನಡುವೆ ಇದ್ದ ಈ ಪದ ಬಸ್ಸಿನಲ್ಲಿ ಕೂತವರ ಬಾಯಿಗೂ ಬಂತು.

ಇವುಗಳ ನಡುವೆ 'ಲಂಚ' ಎಂಬ ಬೆತ್ತಲೆ ಪದವೂ ಹಳೆಯದೇ. ಹನ್ನೆರಡನೆಯ ಶತಮಾನದ ವಚನಕಾರ್ತಿ ಸತ್ಯಕ್ಕ ಲಂಚ-ವಂಚನೆಗೆ ಕೈಯೊಡ್ಡೆನೆಂಬ ಮಾತನ್ನು ವ್ರತದಂತೆ ನುಡಿದಿದ್ದಾಳೆ. ಮಾಸ್ಟರ್ ಹಿರಣ್ಣಯ್ಯನವರು ತಮ್ಮ ನಾಟಕಕ್ಕೆ ಇಟ್ಟ ಹೆಸರೂ ನೇರವಾಗಿ 'ಲಂಚಾವತಾರ'. ಪದ ನಮ್ಮಲ್ಲಿಲ್ಲದೆ ಅಲ್ಲ, ಮೇಜಿನ ಎದುರು ನಿಂತಾಗ ಮಾತ್ರ ಅದನ್ನು ಬಳಸುವುದಿಲ್ಲ.

ಬೆನ್ನ ಹಿಂದಿನ ಮಾತು, ಮೋಸಹೋದವನ ಮಾತು

ಕಚೇರಿಯಿಂದ ಹೊರಬಿದ್ದ ಕೂಡಲೇ ಭಾಷೆ ಬದಲಾಗುತ್ತದೆ. ಒಳಗೆ ಖರ್ಚಾಗಿದ್ದದ್ದು ಟೀ ಅಂಗಡಿಯಲ್ಲಿ 'ತಿಂದ' ಎಂದಾಗುತ್ತದೆ. ತಿಂದ, ಮೇಯ್ದ, ನುಂಗಿದ, ನುಂಗಿ ನೀರು ಕುಡಿದ, ಗುಳುಂ ಮಾಡಿದ. ಇಲ್ಲಿ ಕರ್ತೃಪದ ಸ್ಪಷ್ಟವಾಗಿದೆ, ಕ್ರಿಯೆ ಒರಟಾಗಿದೆ. ಮೇಯುವುದು ದನದ ಕೆಲಸ. ಅದೂ ಬೇಲಿ ಹಾರಿ ಇನ್ನೊಬ್ಬರ ಹೊಲಕ್ಕೆ ನುಗ್ಗಿದ ದನದ ಚಿತ್ರ ಆ ಪದದಲ್ಲಿದೆ. ಒಳ್ಳೆಯ ಅಧಿಕಾರಿಯನ್ನು ಹೊಗಳುವಾಗಲೂ ಜನ ಇದೇ ಪದ ಹಿಡಿಯುತ್ತಾರೆ: 'ಅವರು ತಿನ್ನಲ್ಲ, ತಿನ್ನೋರಿಗೂ ಬಿಡಲ್ಲ.'

ಮೋಸಹೋದವನ ಬಗ್ಗೆ ಇರುವ ಮಾತುಗಳ ಗುಂಪು ಬೇರೆ. ನಾಮ ಹಾಕಿದ, ಪಂಗನಾಮ ಹಾಕಿದ, ಟೋಪಿ ಹಾಕಿದ, ಕಿವಿಗೆ ಹೂವಿಟ್ಟ, ತಲೆ ಬೋಳಿಸಿದ. ಎಲ್ಲವೂ ಮೋಸಹೋದವನ ತಲೆಯ ಮೇಲೆ, ಹಣೆಯ ಮೇಲೆ, ಕಿವಿಯ ಮೇಲೆ ನಡೆಯುವ ಅಲಂಕಾರಗಳು. ಮೋಸ ಮಾಡಿದವನ ಮೈಮೇಲೆ ಯಾವ ಗುರುತೂ ಇಲ್ಲ. ಊರಿನ ಕಣ್ಣಿಗೆ ಬೀಳುವವನು ಟೋಪಿ ಹಾಕಿಸಿಕೊಂಡವನೇ. ಚೀಟಿ ಹಾಕಿ ದುಡ್ಡು ಕಳೆದುಕೊಂಡವರು ಠಾಣೆಗೆ ಹೋಗಲು ಹಿಂಜರಿಯುವುದಕ್ಕೆ ಈ ಮಾತುಗಳೂ ಒಂದು ಕಾರಣ ಎಂದು ನನಗನ್ನಿಸುತ್ತದೆ. ದೂರು ಕೊಡುವುದೆಂದರೆ ತನ್ನ ಹಣೆಯ ನಾಮವನ್ನು ತಾನೇ ತೋರಿಸಿದಂತೆ ಎಂಬ ಭಾವನೆ ಭಾಷೆಯೊಳಗೇ ಕೂತಿದೆ.

ಮಂಡಿಯ ಬಿಳಿ ಚೀಟಿ

ವ್ಯಾಪಾರದ ಕಟ್ಟೆಯಲ್ಲಿ ಮಾತು ಇನ್ನೂ ಚುಟುಕಾಗುತ್ತದೆ. ಸೂಟು, ದಲಾಲಿ, ಸ್ಯಾಂಪಲ್, ಬಿಳಿ ಚೀಟಿ, ಜೀರೋ. ಒಂದೊಂದನ್ನೂ ಒಂದು ಮಾರಾಟದ ಲೆಕ್ಕದಲ್ಲಿಟ್ಟು ನೋಡೋಣ.

ರೈತರೊಬ್ಬರು 30 ಕ್ವಿಂಟಲ್ ಮೆಕ್ಕೆಜೋಳ ತಂದರು, ಕ್ವಿಂಟಲಿಗೆ 2,000 ರೂಪಾಯಿ ದರ ಸಿಕ್ಕಿತು ಎಂದಿಟ್ಟುಕೊಳ್ಳಿ. ಬರಬೇಕಾದ್ದು 60,000. ತೂಕ ಮಾಡುವಾಗ ಕ್ವಿಂಟಲಿಗೆ ಒಂದು ಕಿಲೋ 'ಸೂಟು' ಎಂದು ಬಿಟ್ಟರು. ಧೂಳು, ತೇವ, ಚೀಲದ ತೂಕ ಎಂಬುದು ಅದಕ್ಕೆ ಕೊಡುವ ಕಾರಣ. ಚೀಲಕ್ಕೆ ತೂಕವಿರುವುದು ನಿಜ, ಅದನ್ನು ಕಳೆಯುವುದು ನ್ಯಾಯವೇ. ಆದರೆ ಚೀಲದ ತೂಕ ಕಳೆದ ಮೇಲೂ ಸೂಟು ಬಿಟ್ಟರೆ ಅದು ಸುಮ್ಮನೆ ಹೋದ ಕಾಳು. ಇಲ್ಲಿ 30 ಕಿಲೋ, ಅಂದರೆ 600 ರೂಪಾಯಿ. ಗುಣಮಟ್ಟ ನೋಡಲು ಎತ್ತಿಕೊಂಡ 'ಸ್ಯಾಂಪಲ್' ಐದು ಕಿಲೋ, ವಾಪಸು ಬರಲಿಲ್ಲ: 100 ರೂಪಾಯಿ. ಕೊನೆಗೆ ನೂರಕ್ಕೆ ಮೂರರಂತೆ ದಲಾಲಿ ಮುರಿದುಕೊಂಡರು: 1,800. ಒಟ್ಟು 2,500 ರೂಪಾಯಿ ಹೋಯಿತು. ಹಮಾಲಿ ಬೇರೆ.

ಕರ್ನಾಟಕದ ಕೃಷಿ ಮಾರುಕಟ್ಟೆ ಕಾಯ್ದೆ 1966ರದ್ದು. ಅದರ ವ್ಯವಸ್ಥೆಯಲ್ಲಿ ದಲಾಲಿ ಕೊಡಬೇಕಾದವನು ಕೊಳ್ಳುವವನು, ಮಾರುವ ರೈತನಲ್ಲ. ಹಾಗಾದರೆ ಆ 1,800 ರೂಪಾಯಿಯನ್ನು ಬಿಲ್ಲಿನಲ್ಲಿ ಬರೆಯುವುದು ಹೇಗೆ? ಬರೆಯುವಂತಿಲ್ಲ. ಅದಕ್ಕಾಗಿಯೇ ಬಿಳಿ ಚೀಟಿ. ಅಂಗಡಿಯ ಹೆಸರಿಲ್ಲದ, ಮೊಹರಿಲ್ಲದ, ಕ್ರಮಸಂಖ್ಯೆಯಿಲ್ಲದ ತುಂಡು ಕಾಗದದ ಮೇಲೆ ತೂಕ, ದರ, ಮುರಿದದ್ದು, ಕೈಗೆ ಕೊಟ್ಟದ್ದು, ಅಷ್ಟನ್ನು ಗೀಚಿ ಕೊಡುತ್ತಾರೆ. ಬಿಳಿ ಎಂಬ ಪದ ಇಲ್ಲಿ ಶುದ್ಧತೆಯ ಸೂಚನೆಯಲ್ಲ. ಅಚ್ಚಾದ ಯಾವ ಗುರುತೂ ಇಲ್ಲದ, ಬರಿದಾದ ಕಾಗದ ಎಂದಷ್ಟೇ.

ಇದು ಮೋಸವೆಂದು ರೈತನಿಗೆ ಗೊತ್ತಿಲ್ಲವೇ? ಬಹಳ ಸಲ ಗೊತ್ತಿರುತ್ತದೆ. ಬಿತ್ತನೆಯ ಹೊತ್ತಿಗೆ, ಮಗಳ ಮದುವೆಗೆ ಅದೇ ದಲಾಲಿ ಅಂಗಡಿಯಿಂದ ಮುಂಗಡ ತಂದಿರುತ್ತಾನೆ. ಸಾಲವಿರುವಲ್ಲಿ 'ಬಿಲ್ಲು ಕೊಡ್ರಿ' ಎಂಬ ಮಾತು ಬಾಯಿಗೆ ಬರುವುದಿಲ್ಲ. ಕೇಳಿದರೆ ಸಿಗುವ ಉತ್ತರವೂ ಸಿದ್ಧವಾಗಿದೆ: 'ಇದು ಇಲ್ಲಿನ ವಾಡಿಕೆ.' ಮಾಮೂಲು ಎಂಬ ಪದ ಕಚೇರಿಯಲ್ಲಿ ಮಾಡುವ ಕೆಲಸವನ್ನೇ ವಾಡಿಕೆ ಎಂಬ ಪದ ಮಂಡಿಯಲ್ಲಿ ಮಾಡುತ್ತದೆ. ಚೀಟಿಯ ನಿಜವಾದ ಬೆಲೆ ತಿಳಿಯುವುದು ಹಣ ಬಾಕಿ ಉಳಿದಾಗ. ಅಂಗಡಿಯವನು ಕೈಯೆತ್ತಿದರೆ, ಅಲ್ಲಿಗೆ ತಾನು ಮಾಲು ಹಾಕಿದ್ದೆ ಎನ್ನುವುದಕ್ಕೆ ರೈತನ ಬಳಿ ಇರುವ ಒಂದೇ ಸಾಕ್ಷಿ ಹೆಸರಿಲ್ಲದ ಆ ಕಾಗದ.

ಮಲೆನಾಡಿನ ಅಡಿಕೆ ವಹಿವಾಟಿನಲ್ಲಿ ಕೇಳಿಬರುವ 'ಜೀರೋ' ಇದರ ಅಣ್ಣ. ಜೀರೋ ವ್ಯಾಪಾರ ಎಂದರೆ ಬಿಲ್ಲೇ ಇಲ್ಲದ ವ್ಯಾಪಾರ. ಬೇರೆಡೆ ಇದನ್ನೇ ನಂಬರ್ ಟು, ಎರಡನೇ ನಂಬರಿನ ದಂಧೆ ಎನ್ನುತ್ತಾರೆ. 50,000 ರೂಪಾಯಿ ಮೀರಿದ ಸರಕು ಸಾಗಿಸಲು ಇ-ವೇ ಬಿಲ್ ಬೇಕು. ಒಂದೇ ಬಿಲ್ಲಿನ ಮೇಲೆ ಎರಡು ಲೋಡು ಹೊಡೆದರೆ ಎರಡನೆಯದು ಜೀರೋ. ತೆರಿಗೆ ತಪ್ಪಿದ್ದರಿಂದ ಆತ ಬೆಳೆಗಾರನಿಗೆ ಮನೆಬಾಗಿಲಲ್ಲೇ ನಗದು ಎಣಿಸಬಲ್ಲ, ದರದಲ್ಲೂ ಸ್ವಲ್ಪ ಮೇಲೆ ಹೋಗಬಲ್ಲ. ಆ ಆಸೆಗೆ ಅಡಿಕೆ ಕೊಟ್ಟವನು ಬಾಕಿ ವಸೂಲಿಗೆ ಹೋದ ದಿನ, ಪುಸ್ತಕದಲ್ಲಿ ತನ್ನ ವ್ಯಾಪಾರವೂ ಸೊನ್ನೆಯೇ ಎಂಬುದು ತಿಳಿಯುತ್ತದೆ.

ನ್ಯಾಯಾಲಯದಲ್ಲಿ ಒಂದು ಪದದ ತೂಕ

ಈ ಮಾತುಗಳನ್ನು ಬರೀ ನುಡಿಯ ಸೊಗಸು ಎಂದು ಬಿಡಲಾಗದು ಎನ್ನುವುದು ಲಂಚದ ಪ್ರಕರಣ ನ್ಯಾಯಾಲಯಕ್ಕೆ ಹೋದಾಗ ಗೊತ್ತಾಗುತ್ತದೆ. 1988ರ ಭ್ರಷ್ಟಾಚಾರ ತಡೆ ಕಾಯ್ದೆಯ 7ನೇ ಕಲಂ ಇಂಥ ಪ್ರಕರಣಗಳ ಆಧಾರ. ಅದರಡಿ ಮೂರರಿಂದ ಏಳು ವರ್ಷ ಶಿಕ್ಷೆಯಿದೆ. ಆದರೆ ನೌಕರನ ಕೈಯಲ್ಲಿ ಹಣ ಸಿಕ್ಕಿತು ಎಂದಷ್ಟೇ ತೋರಿಸಿದರೆ ಸಾಲದು, ಆತ ಹಣ ಕೇಳಿದ್ದೂ ಸಾಬೀತಾಗಬೇಕು ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. 2022ರ ಡಿಸೆಂಬರಿನಲ್ಲಿ ನೀರಜ್ ದತ್ತಾ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವೂ ಇದನ್ನು ಎತ್ತಿಹಿಡಿಯಿತು. ದೂರುದಾರ ಸತ್ತಿದ್ದರೆ ಅಥವಾ ತಿರುಗಿಬಿದ್ದರೆ ಸಾಂದರ್ಭಿಕ ಸಾಕ್ಷ್ಯದಿಂದಲೂ ಬೇಡಿಕೆಯನ್ನು ಸಾಬೀತು ಮಾಡಬಹುದು ಎಂದೂ ಹೇಳಿತು.

ಈಗ ಮೊದಲಿನ ಮಾತಿಗೆ ಬನ್ನಿ. 'ಸ್ವಲ್ಪ ಖರ್ಚಾಗುತ್ತೆ' ಎಂಬುದು ಬೇಡಿಕೆಯೇ? ಕಚೇರಿಯಲ್ಲಿ ನಿಂತ ಎಲ್ಲರಿಗೂ ಹೌದು. ಕಾಗದದ ಮೇಲೆ ಇಳಿಸಿದಾಗ, ಅದು ಸರ್ಕಾರಿ ಶುಲ್ಕದ ಮಾತು ಎಂದು ವಕೀಲರು ವಾದಿಸಬಹುದು. 'ಹೇಳಿದ್ದು ತಂದ್ರಾ?' ಎಂಬುದು ಬೇಡಿಕೆಯೇ? ಹೇಳಿದ್ದು ಜೆರಾಕ್ಸ್ ಪ್ರತಿ ಎನ್ನಬಹುದು. ಮೇಜಿನ ಮೇಲೆ ಎದ್ದ ಎರಡು ಬೆರಳು ಧ್ವನಿಮುದ್ರಣದಲ್ಲಿ ಕೇಳಿಸುವುದೇ ಇಲ್ಲ.

ಬಲೆ ಬೀಸುವ ಕ್ರಮ ಇದೇ ಕಾರಣಕ್ಕೆ ಅಷ್ಟು ವಿವರವಾಗಿದೆ. ನಮ್ಮಲ್ಲಿ ಈ ಕೆಲಸ ಲೋಕಾಯುಕ್ತ ಪೊಲೀಸರದ್ದು. 2016ರಲ್ಲಿ ಅದನ್ನು ಭ್ರಷ್ಟಾಚಾರ ನಿಗ್ರಹ ದಳಕ್ಕೆ ಕೊಡಲಾಗಿತ್ತು. 2022ರಲ್ಲಿ ಹೈಕೋರ್ಟ್ ಆ ದಳವನ್ನು ರದ್ದುಪಡಿಸಿದ ಮೇಲೆ ಲೋಕಾಯುಕ್ತಕ್ಕೇ ಮರಳಿತು. ದೂರು ಬಂದಾಗ ಸಾಮಾನ್ಯವಾಗಿ ದೂರುದಾರರ ಕೈಗೆ ಧ್ವನಿಮುದ್ರಕ ಕೊಟ್ಟು ಮಾತುಕತೆಯನ್ನು ದಾಖಲಿಸುತ್ತಾರೆ. ನಂತರ ಪಂಚರ ಮುಂದೆ ನೋಟುಗಳ ಸಂಖ್ಯೆ ಬರೆದುಕೊಂಡು, ಫಿನಾಫ್ತಲೀನ್ ಪುಡಿ ಸವರುತ್ತಾರೆ. ಒಬ್ಬ ಪಂಚ ದೂರುದಾರರ ಜೊತೆ ನೆರಳಿನಂತೆ ಹೋಗಿ, ಆಡಿದ ಮಾತು ಕೇಳಿಸಿಕೊಳ್ಳಬೇಕು, ಕೈಬದಲಾದದ್ದನ್ನು ನೋಡಬೇಕು. ಹಣ ಮುಟ್ಟಿದವನ ಬೆರಳುಗಳನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ.

ಗುಲಾಬಿ ನೀರು ಆತ ಹಣ ಮುಟ್ಟಿದ್ದನ್ನು ಹೇಳುತ್ತದೆ, ಕೇಳಿದ್ದನ್ನು ಹೇಳುವುದಿಲ್ಲ. 'ಕೈಸಾಲ ವಾಪಸು ಕೊಟ್ಟರು', 'ಬೇಡವೆಂದರೂ ಜೇಬಿಗೆ ತುರುಕಿದರು' ಎಂಬ ವಾದಗಳಿಗೆ ಉತ್ತರ ಸಿಗಬೇಕಾದ್ದು ಮಾತಿನಲ್ಲಿಯೇ. ಮಾತು ಮಸುಕಾಗಿ ಉಳಿದರೆ ಪ್ರಕರಣವೂ ಮಸುಕಾಗುತ್ತದೆ.

ಕೊಡುವವರಿಗೂ ಕಾನೂನಿನ ಭಾರವಿದೆ. 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಒತ್ತಾಯಕ್ಕೆ ಸಿಕ್ಕಿ ಕೊಟ್ಟಿದ್ದರೆ ಏಳು ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಬೇಕು. ಮೊದಲೇ ತಿಳಿಸಿ ಅವರ ನೆರವಿನೊಂದಿಗೆ ಕೊಟ್ಟರೆ ಅದು ಅಪರಾಧವಲ್ಲ.

'ಯಾವ ಬಾಬ್ತು ಸಾರ್?'

ನಿಜವಾದ ಶುಲ್ಕವನ್ನೂ 'ಖರ್ಚ'ನ್ನೂ ಬೇರ್ಪಡಿಸುವುದು ಕಷ್ಟವಲ್ಲ. ಶುಲ್ಕಕ್ಕೆ ಹೆಸರಿದೆ, ಪಟ್ಟಿಯಲ್ಲಿ ಬರೆದ ಮೊತ್ತವಿದೆ, ರಸೀದಿ ಅಥವಾ ಚಲನ್ ಇದೆ. ಖರ್ಚಿಗೆ ಇವು ಯಾವುವೂ ಇಲ್ಲ. ಅದಕ್ಕೆ ಬೆರಳಿದೆ, 'ಮೇಲಿನವರು' ಇದ್ದಾರೆ, 'ಸ್ವಲ್ಪ' ಎಂಬ ವಿಶೇಷಣವಿದೆ. ಸಕಾಲ ಕಾಯ್ದೆಯಡಿ ಬರುವ ಸೇವೆಯಾದರೆ ಅರ್ಜಿ ಕೊಟ್ಟ ದಿನವೇ ಜಿಎಸ್‌ಸಿ ಸಂಖ್ಯೆಯ ಸ್ವೀಕೃತಿ ಪತ್ರ ಸಿಗಬೇಕು, ಕೆಲಸ ಮುಗಿಯಬೇಕಾದ ಅವಧಿಯೂ ಗೊತ್ತಾಗಬೇಕು. ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ಪರಿಹಾರ ಕೇಳುವ ಹಕ್ಕೂ ಅದರಲ್ಲಿದೆ. ಮೊತ್ತ ಸಣ್ಣದು. ಆದರೆ ಆ ಕಾಗದದಲ್ಲಿ ದಿನಾಂಕವಿರುತ್ತದೆ, 'ಫೈಲು ಇನ್ನೂ ಕೆಳಗೇ ಇದೆ' ಎಂಬ ಮಾತಿಗೆ ಎದುರಾಗಿ ತೋರಿಸಲು ಏನಾದರೂ ಕೈಯಲ್ಲಿರುತ್ತದೆ.

ಎರಡು ವರ್ಷದ ನಂತರ ಚಿಕ್ಕಮ್ಮನ ಖಾತೆಯ ಕೆಲಸಕ್ಕೆ ಹೋದಾಗ ನಾನು ಸ್ವೀಕೃತಿ ಪತ್ರ ಹಿಡಿದುಕೊಂಡೇ ನಿಂತಿದ್ದೆ. ಬೇರೆ ಮೇಜು, ಬೇರೆ ಗುಮಾಸ್ತರು, ಅದೇ ಮಾತು. "ಸ್ವಲ್ಪ ಖರ್ಚಾಗುತ್ತೆ."

"ಯಾವ ಬಾಬ್ತು ಸಾರ್? ಎಷ್ಟು ಅಂತ ಹೇಳಿ, ಚಲನ್ ಕಟ್ಟಿ ಬರ್ತೀನಿ" ಎಂದೆ. ದನಿ ಏರಿಸಲಿಲ್ಲ. ಪಕ್ಕದ ಮೇಜಿನವರೂ ತಲೆ ಎತ್ತಿದರು. ಅವರು ನನ್ನನ್ನೂ ಕಾಗದವನ್ನೂ ನೋಡಿ, "ಏನಿಲ್ಲ, ಆದಾಗ ಮೆಸೇಜ್ ಬರುತ್ತೆ, ಹೋಗಿ" ಎಂದರು. ಆ ಕೆಲಸ ತಡವಾಯಿತು, ಇನ್ನೂ ಎರಡು ಸಲ ಹೋಗಬೇಕಾಯಿತು. ಖರ್ಚಾಗಲಿಲ್ಲ. ಎಲ್ಲರಿಗೂ ಎಲ್ಲ ಸಲವೂ ಹೀಗೆ ಆಗುತ್ತದೆ ಎಂದು ನಾನು ಹೇಳಲಾರೆ. ದಿನಗೂಲಿ ಬಿಟ್ಟು ಬಂದವರಿಗೆ ಇನ್ನೆರಡು ಸಲ ಅಲೆಯುವುದೇ ಎರಡು ಸಾವಿರಕ್ಕಿಂತ ದುಬಾರಿಯಾಗಬಹುದು. 'ಖರ್ಚು' ಎಂಬ ಪದ ನಿಂತಿರುವುದು ಆ ಲೆಕ್ಕದ ಮೇಲೆಯೇ.

ಅಪ್ಪನ ಕಾಲದಿಂದ ಮನೆಯ ಲೆಕ್ಕ ಬರೆಯುತ್ತಿದ್ದ ಉದ್ದನೆಯ ಪುಸ್ತಕವೊಂದು ಅಮ್ಮನ ಬಳಿ ಇದೆ. ಆ ವರ್ಷದ ಪುಟದಲ್ಲಿ ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ, ತಿಥಿಯ ಸಾಮಾನು, ಅವುಗಳ ಕೆಳಗೆ ಅಮ್ಮನ ದುಂಡಗಿನ ಅಕ್ಷರದಲ್ಲಿ 'ಕಚೇರಿ ಖರ್ಚು 2,000' ಎಂದಿದೆ. ಮೊನ್ನೆ ಅದನ್ನು ತೋರಿಸಿ, "ಇದು ಖರ್ಚಾ ಅಮ್ಮ?" ಎಂದು ಕೇಳಿದೆ. ಅಮ್ಮ ಸ್ವಲ್ಪ ಹೊತ್ತು ಆ ಸಾಲನ್ನೇ ನೋಡಿ, "ಹಂಗೇ ಬರೀರಿ ಅಂದ್ರು ನಿಮ್ಮ ದೊಡ್ಡಪ್ಪ. ನಮ್ಮತ್ರ ಇಸ್ಕೊಂಡಿದ್ದು ಅಂತ ನಂಗೂ ಗೊತ್ತು" ಎಂದರು.